ವಾಟ್ಸಾಪ್‌ನಲ್ಲಿ ಬಂದ ಮೂರು ಬಣ್ಣ: ಫೋಟೋ ನೋಡಿ ಹಾಲಿಗೆ ಪೇಂಟ್ ಆರಿಸುವುದು ಹೇಗೆ

ಊರಿನಲ್ಲಿ ಅಪ್ಪ ಅಮ್ಮನ ಮನೆಯ ಹಾಲಿಗೆ ಬಣ್ಣ ಹೊಡೆಸಬೇಕಿತ್ತು. ನಾನು ಪುಣೆಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ಪೇಂಟ್ ಮೇಸ್ತ್ರಿ ಹಳೇ ನೀಲಿ ಗೋಡೆಯ ಮೇಲೆ ಮೂರು ಬಣ್ಣದ ಪಟ್ಟಿ ಬಳಿದು ಹೋದ. ಅಮ್ಮ ಫೋಟೋ ಕಳಿಸಿದಳು, ಒಂದಲ್ಲ, ಹದಿನಾಲ್ಕು. ನನಗೆ ಹಿಡಿಸಿದ್ದು ಸ್ವಲ್ಪ ಹಳದಿ ಕಡೆ ವಾಲಿದ ಬಣ್ಣ. ತಮ್ಮನಿಗೆ ಹಿಡಿಸಿದ್ದು ತಣ್ಣಗೆ ನೀಲಿಯಾಗಿ ಕಾಣುತ್ತಿದ್ದ ಇನ್ನೊಂದು. ಎರಡು ದಿನ ಜಗಳವಾಡಿದೆವು. ಮೂರನೇ ದಿನ ಗೊತ್ತಾಯಿತು, ನಾವಿಬ್ಬರೂ ವಾದ ಮಾಡುತ್ತಿದ್ದದ್ದು ಒಂದೇ ಪಟ್ಟಿಯ ಬಗ್ಗೆ. ಒಂದು ರಾತ್ರಿಯ ಫೋಟೋ, ಇನ್ನೊಂದು ಬೆಳಗಿನ ಫೋಟೋ, ಅಷ್ಟೇ.

ಅದು ಹೇಗೆ ಗೊತ್ತಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತು. ಫೋಟೋ ನಿಮಗೆ ಬಣ್ಣವನ್ನು ತೋರಿಸುವುದಿಲ್ಲ, ಬಣ್ಣಗಳ ನಡುವಿನ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ. ಒಂದೇ ಫೋಟೋದಲ್ಲಿ ಅಕ್ಕಪಕ್ಕ ಇರುವ ಎರಡು ಬಣ್ಣಗಳಲ್ಲಿ ಯಾವುದು ಜಾಸ್ತಿ ಹಳದಿ, ಯಾವುದು ಜಾಸ್ತಿ ಗಾಢ ಎಂಬುದನ್ನು ನಂಬಬಹುದು. ಬೇರೆ ಬೇರೆ ಫೋಟೋಗಳಲ್ಲಿ ಇರುವ ಎರಡು ಬಣ್ಣಗಳನ್ನು ಹಾಗೇ ಹೋಲಿಸಿದರೆ ಕೆಟ್ಟಿರಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಹಂತ 1: ಮೊದಲು ನಿಮ್ಮ ಸ್ಕ್ರೀನ್ ಸರಿ ಮಾಡಿಕೊಳ್ಳಿ

ಈಗಿನ ಫೋನುಗಳು ಕಣ್ಣಿಗೆ ಹಿತವಾಗಲಿ ಅಂತ ಬಣ್ಣವನ್ನು ತಾವೇ ಬದಲಿಸುತ್ತವೆ. ಐಫೋನ್‌ನಲ್ಲಿ True Tone ಮತ್ತು Night Shift, ಸ್ಯಾಮ್‌ಸಂಗ್‌ನಲ್ಲಿ Eye comfort shield, ಬೇರೆ ಆಂಡ್ರಾಯ್ಡ್‌ಗಳಲ್ಲಿ Night Light ಎಂಬ ಹೆಸರಿನಲ್ಲಿ ಇದು ಇರುತ್ತದೆ. ಎಲ್ಲವೂ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತವೆ. ಬಣ್ಣ ನೋಡುವಷ್ಟು ಹೊತ್ತು ಆಫ್ ಮಾಡಿ. ಸ್ಯಾಮ್‌ಸಂಗ್‌ನವರು Screen mode ಒಳಗೆ Vivid ಬದಲು Natural ಆರಿಸಿಕೊಳ್ಳಿ. Vivid ಎಲ್ಲಾ ಬಣ್ಣವನ್ನೂ ಮದುವೆ ಮನೆಯ ಸೀರೆ ಹಾಗೆ ಎದ್ದು ಕಾಣಿಸುತ್ತದೆ. ವಿಡಿಯೋ ನೋಡಲು ಚೆಂದ, ಪೇಂಟ್ ಆರಿಸಲು ಅಲ್ಲ.

ಬ್ರೈಟ್‌ನೆಸ್ ತಾನಾಗಿ ಏರಿಳಿಯುವುದನ್ನೂ ನಿಲ್ಲಿಸಿ, ಅರ್ಧಕ್ಕಿಂತ ಸ್ವಲ್ಪ ಮೇಲಿಡಿ. ಹಗಲು ಹೊತ್ತು, ಬಿಸಿಲು ನೇರ ಬೀಳದ ಜಾಗದಲ್ಲಿ ಕೂತು ನೋಡಿ. ರಾತ್ರಿ ಹಾಸಿಗೆಯಲ್ಲಿ ಲೈಟ್ ಆರಿಸಿ ಮಲಗಿ ನೋಡಿದರೆ ಯಾವ ಬಣ್ಣವಾದರೂ ಹೊಳೆಯುತ್ತದೆ. ಡಾರ್ಕ್ ಮೋಡ್ ಇದ್ದರೆ ಅದೂ ಬೇಡ. ಸುತ್ತ ಕಪ್ಪಿದ್ದರೆ ನಡುವಿನ ಬಣ್ಣ ಇದ್ದದ್ದಕ್ಕಿಂತ ತಿಳಿಯಾಗಿ ಕಾಣುತ್ತದೆ.

ಸರಿಯಾಗಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಖಾಲಿ ಬಿಳಿ ಪುಟವೊಂದನ್ನು ಸ್ಕ್ರೀನಿನಲ್ಲಿ ತೆರೆದು, ಪಕ್ಕದಲ್ಲಿ ಬಿಳಿ ಹಾಳೆ ಹಿಡಿಯಿರಿ. ಹಾಳೆಗಿಂತ ಸ್ಕ್ರೀನು ಕೆನೆಹಳದಿಯಾಗಿ ಕಂಡರೆ ಇನ್ನೂ ಏನೋ ಒಂದು ಆನ್ ಇದೆ. ಸ್ವಲ್ಪ ನೀಲಿ ಕಂಡರೆ ಚಿಂತೆಯಿಲ್ಲ, ಬಹಳಷ್ಟು ಫೋನುಗಳು ಹಾಗೇ ಇರುತ್ತವೆ.

ಮನೆಯಲ್ಲಿ ಮೂರು ಜನ ತೀರ್ಮಾನ ಮಾಡುವುದಿದ್ದರೆ ಮೂವರೂ ಇದನ್ನು ಮಾಡಬೇಕು. ಆದರೆ ಒಂದು ತಿಳಿದಿರಲಿ. ಇಷ್ಟು ಮಾಡಿದರೂ ಎರಡು ಫೋನು ಒಂದೇ ಥರ ತೋರಿಸುವುದಿಲ್ಲ. ತೋರಿಸಬೇಕಾಗಿಯೂ ಇಲ್ಲ, ನಮಗೆ ಬೇಕಿರುವುದು ವ್ಯತ್ಯಾಸ ತಾನೇ.

ಹಂತ 2: ಕಳ್ಳ ಯಾರು ಅಂತ ಗೊತ್ತಿರಲಿ

"ವಾಟ್ಸಾಪ್‌ನಲ್ಲಿ ಬಂದ ಫೋಟೋ, ಬಣ್ಣ ಕೆಟ್ಟಿರುತ್ತೆ ಬಿಡಿ" ಅನ್ನುವವರು ಜಾಸ್ತಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುವುದು ನಿಜ. ಆದರೆ ಅದರಿಂದ ಹಾಳಾಗುವುದು ಹೆಚ್ಚಾಗಿ ಸಣ್ಣ ವಿವರಗಳು, ಗೋಡೆಯ ಬಣ್ಣವಲ್ಲ. ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಕುಗ್ಗುವುದಿಲ್ಲ. ನಿಜವಾದ ಕಳ್ಳ ಕ್ಯಾಮೆರಾದೊಳಗೇ ಕೂತಿದೆ. ಅದು ಎರಡು ಕೈಚಳಕ ತೋರಿಸುತ್ತದೆ.

ಮೊದಲನೆಯದು ವೈಟ್ ಬ್ಯಾಲೆನ್ಸ್. ಹಳದಿ ಬಲ್ಬಿನ ಕೆಳಗೆ ಎಲ್ಲವೂ ಹಳದಿ, ಆಕಾಶದ ಬೆಳಕು ಮಾತ್ರ ಬೀಳುವ ನೆರಳಿನಲ್ಲಿ ಎಲ್ಲವೂ ನೀಲಿ. ನಮ್ಮ ಕಣ್ಣು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾ ಕೂಡ ಆ ಪ್ರಯತ್ನ ಮಾಡುತ್ತದೆ, ಆದರೆ ಅಂದಾಜಿನಲ್ಲಿ. ಫ್ರೇಮಿನ ತುಂಬಾ ತಿಳಿಹಳದಿ ಗೋಡೆಯೇ ಇದ್ದರೆ, ಅದು ಗೋಡೆಯ ಬಣ್ಣವೋ ಬಲ್ಬಿನ ಬಣ್ಣವೋ ಅಂತ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ಬಲ್ಬಿನದ್ದು ಅಂದುಕೊಂಡು ಹಳದಿಯನ್ನು ಅಳಿಸಿಬಿಡುತ್ತದೆ. ಅದಕ್ಕೇ ಹತ್ತಿರ ಹೋಗಿ ತೆಗೆದ ಫೋಟೋದಲ್ಲಿ ಒಂದು ಬಣ್ಣ, ದೂರದಿಂದ ತೆಗೆದದ್ದರಲ್ಲಿ ಇನ್ನೊಂದು.

ಎರಡನೆಯದು ಎಕ್ಸ್‌ಪೋಷರ್. ಕ್ಯಾಮೆರಾಕ್ಕೆ ಎಲ್ಲವೂ ನಡುವಿನ ಬೆಳಕಿನಲ್ಲಿ ಇರಬೇಕು ಅನ್ನುವ ಹಟ. ಬರೀ ಆಫ್‌ವೈಟ್ ಗೋಡೆ ತೋರಿಸಿದರೆ ಬೂದಿಯಾಗಿಸುತ್ತದೆ, ಬರೀ ಗಾಢ ಹಸಿರು ತೋರಿಸಿದರೆ ತಿಳಿಯಾಗಿಸುತ್ತದೆ. ಅಂದರೆ ಒಂದೊಂದೇ ಬಣ್ಣದ ಒಂದೊಂದು ಫೋಟೋ ತೆಗೆದರೆ, ಎಲ್ಲವೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಅಂಗಡಿಯಲ್ಲಿ ಶೇಡ್ ಬುಕ್ಕಿನ ಒಂದೊಂದೇ ಪಟ್ಟಿಯನ್ನು ಹತ್ತಿರದಿಂದ ತೆಗೆದು ಕಳಿಸುವವರ ಫೋಟೋಗಳು ಪ್ರಯೋಜನಕ್ಕೆ ಬಾರದೇ ಇರುವುದು ಇದಕ್ಕೇ.

ಇನ್ನು ಕಂಪನಿಯ ವೆಬ್‌ಸೈಟಿನಲ್ಲಿ ಕಾಣುವ ಬಣ್ಣದ ಚೌಕ. ಅದು ಫೋಟೋನೇ ಅಲ್ಲ, ಹತ್ತಿರದ ಬಣ್ಣವೊಂದನ್ನು ಕಂಪ್ಯೂಟರಿನಲ್ಲಿ ತುಂಬಿದ್ದು. ಇಪ್ಪತ್ತರಿಂದ ಐದಕ್ಕೆ ಇಳಿಸಿಕೊಳ್ಳಲು ಸಾಕು. ಐದರಿಂದ ಒಂದಕ್ಕೆ ಇಳಿಯಲು ಬೇಡ.

ಹಂತ 3: ಫೋಟೋ ತೆಗೆಯುವವರಿಗೆ ಹೇಳಬೇಕಾದ್ದು

ಅಮ್ಮನಿಗೆ ನಾನು ಫೋನಿನಲ್ಲಿ ಹೇಳಿದ್ದು ನಾಲ್ಕೇ ಮಾತು.

ಮೂರೂ ಬಣ್ಣ ಒಂದೇ ಫೋಟೋದಲ್ಲಿ ಬರಬೇಕು. ಪ್ರತಿಯೊಂದರ ಮೇಲೂ 1, 2, 3 ಅಂತ ದೊಡ್ಡದಾಗಿ ಬರೆದ ಚೀಟಿ ಅಂಟಿಸಬೇಕು. ಪಕ್ಕದಲ್ಲೇ, ಅದೇ ಬೆಳಕು ಬೀಳುವಂತೆ, ಒಂದು ಬಿಳಿ ವಸ್ತು ಇರಬೇಕು. ಹಗಲಾದರೆ ಲೈಟ್ ಪೂರ್ತಿ ಆಫ್, ರಾತ್ರಿಯಾದರೆ ಹಾಲಿನ ಲೈಟ್ ಮಾತ್ರ, ಫ್ಲಾಶ್ ಎಂದಿಗೂ ಬೇಡ. ಬಿಸಿಲೂ ಟ್ಯೂಬ್‌ಲೈಟೂ ಬೆರೆತ ಫೋಟೋವನ್ನು ಯಾರಿಂದಲೂ ಸರಿಪಡಿಸಲಾಗದು, ಯಾಕೆಂದರೆ ಗೋಡೆಯ ಎಡಕ್ಕೆ ಒಂದು ಬಣ್ಣದ ಬೆಳಕು, ಬಲಕ್ಕೆ ಇನ್ನೊಂದು ಬಿದ್ದಿರುತ್ತದೆ.

ಬಿಳಿ ವಸ್ತು ಅಂದರೆ ಯಾವುದು? ಎ4 ಹಾಳೆ ನಡೆಯುತ್ತದೆ. ಆದರೆ ಹೊಸ ಹಾಳೆಗೆ ಬಟ್ಟೆಗೆ ನೀಲಿ ಹಾಕಿದ ಹಾಗೆ ಹೊಳಪಿನ ರಾಸಾಯನಿಕ ಸೇರಿಸಿರುತ್ತಾರೆ, ಹಗಲು ಬೆಳಕಿನಲ್ಲಿ ಅದು ತುಸು ನೀಲಿಯಾಗಿ ಕಾಣುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಪ್ಲಂಬರುಗಳು ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ರಟ್ಟಿನ ತುಂಡಿಗೆ ಅದನ್ನು ರಟ್ಟಿನ ಬಣ್ಣ ಕಾಣದಷ್ಟು, ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿ. ಅಷ್ಟು ಶುದ್ಧ ಬಿಳಿ ಮನೆಯಲ್ಲಿ ಬೇರೆ ಸಿಗುವುದು ಕಷ್ಟ. ಅಪ್ಪ ಇದನ್ನು ಕೇಳಿ ನಕ್ಕರು, ಆದರೆ ಸುತ್ತಿ ಕೊಟ್ಟರು.

ಫೋನಿನಲ್ಲಿ Pro ಮೋಡ್ ಇದ್ದರೆ ಅದರಲ್ಲಿ WB, ಅಂದರೆ ವೈಟ್ ಬ್ಯಾಲೆನ್ಸ್ ಅನ್ನು ಒಂದೇ ಸಂಖ್ಯೆಗೆ, ಉದಾಹರಣೆಗೆ 5500Kಗೆ, ನಿಲ್ಲಿಸಿ ತೆಗೆಯಬಹುದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬಿಳಿ ವಸ್ತು ಜೊತೆಗಿದ್ದರೆ ಕೆಲಸ ನಡೆಯುತ್ತದೆ.

ಹಂತ 4: ಅನುಮಾನ ಬಂದರೆ ಲೆಕ್ಕ ಮಾಡಿ

ಈಗ ಆ ಜಗಳದ ಕಥೆ. ಆ ಮೊದಲ ಫೋಟೋಗಳಲ್ಲಿ ಚೀಟಿ, ಟೇಪು ಯಾವುದೂ ಇರಲಿಲ್ಲ. ಆದರೆ ಎರಡರಲ್ಲೂ ಮೂಲೆಯಲ್ಲಿ ಬಿಳಿ ಸ್ವಿಚ್‌ಬೋರ್ಡ್ ಬಂದಿತ್ತು. ಹತ್ತು ವರ್ಷದ ಹಳೇ ಬೋರ್ಡು, ಅಪ್ಪಟ ಬಿಳಿಯೇನಲ್ಲ. ಆದರೆ ಎರಡೂ ಫೋಟೋದಲ್ಲಿ ಇರುವುದು ಅದೇ ಬೋರ್ಡು, ಅಷ್ಟು ಸಾಕು.

ಫೋಟೋವನ್ನು ಕಂಪ್ಯೂಟರಿಗೆ ಹಾಕಿ, ವಿಂಡೋಸ್‌ನ ಪೇಂಟ್ ಪ್ರೋಗ್ರಾಂನಲ್ಲಿ ತೆರೆದೆ. ಅದರಲ್ಲಿ Color picker ಎಂಬ ಡ್ರಾಪರ್ ಇದೆ. ಅದರಿಂದ ಬಣ್ಣದ ಮೇಲೆ ಒತ್ತಿ, Edit colors ತೆರೆದರೆ Red, Green, Blue ಎಂಬ ಮೂರು ಸಂಖ್ಯೆ ಕಾಣುತ್ತವೆ, 0ಯಿಂದ 255ರವರೆಗೆ. ಒಂದೇ ಕಡೆ ಒತ್ತಿ ನಂಬಬೇಡಿ, ಎರಡು ಮೂರು ಕಡೆ ಒತ್ತಿ ನಡುವಿನದ್ದು ತೆಗೆದುಕೊಳ್ಳಿ. ನನಗೆ ಸಿಕ್ಕಿದ್ದು ಇದು:

```
ರಾತ್ರಿ    ಸ್ವಿಚ್‌ಬೋರ್ಡ್  214 201 178   ಪಟ್ಟಿ  163 157 136
ಬೆಳಿಗ್ಗೆ  ಸ್ವಿಚ್‌ಬೋರ್ಡ್  190 201 216   ಪಟ್ಟಿ  146 157 164
```

ರಾತ್ರಿಯ ಪಟ್ಟಿಯಲ್ಲಿ ಕೆಂಪು ಜಾಸ್ತಿ, ನೀಲಿ ಕಡಿಮೆ. ಬೆಳಗಿನದರಲ್ಲಿ ಉಲ್ಟಾ. ಬರೀ ಇದನ್ನು ನೋಡಿದರೆ ಬೇರೆ ಬೇರೆ ಬಣ್ಣ ಅಂತಲೇ ಹೇಳಬೇಕು. ಆದರೆ ಸ್ವಿಚ್‌ಬೋರ್ಡು ಕೂಡ ಹಾಗೇ ಬದಲಾಗಿದೆಯಲ್ಲ. ಹಾಗಾಗಿ ಪಟ್ಟಿಯ ಸಂಖ್ಯೆಯನ್ನು ಸ್ವಿಚ್‌ಬೋರ್ಡಿನ ಸಂಖ್ಯೆಯಿಂದ ಭಾಗಿಸಿ:

```
ರಾತ್ರಿ    0.76  0.78  0.76
ಬೆಳಿಗ್ಗೆ  0.77  0.78  0.76
```

ಹೆಚ್ಚು ಕಡಿಮೆ ಒಂದೇ. ಅಂದರೆ ಒಂದೇ ಪಟ್ಟಿ. ನಡುವಿನ ಸಂಖ್ಯೆ ಕೂದಲೆಳೆಯಷ್ಟು ಹೆಚ್ಚಿರುವುದರಿಂದ ಅದು ಹಳದಿಯೂ ಅಲ್ಲ, ನೀಲಿಯೂ ಅಲ್ಲ, ಹಸಿರು ಮಿಶ್ರಿತ ಬೂದು. ಅಮ್ಮನನ್ನು ಕೇಳಿದಾಗ "ಹೂಂ ಕಣೇ, ಅದು ಪಾಚಿ ಥರದ್ದು, ನಾನು ಮೊದಲೇ ಹೇಳಿರಲಿಲ್ವಾ" ಅಂದಳು. ಅದೇ ರಾತ್ರಿ ಫೋಟೋದಲ್ಲಿ ಇದ್ದ ಕೆನೆ ಬಣ್ಣದ ಪಟ್ಟಿ ಭಾಗಿಸಿದಾಗ 0.95, 0.92, 0.83 ಬಂತು. ಕೊನೆಯದು ಇಷ್ಟು ಇಳಿದಿದ್ದರೆ ಅದು ನಿಜವಾಗಿಯೂ ಹಳದಿ ಕಡೆಯ ಬಣ್ಣ, ಬಲ್ಬಿನ ಆಟವಲ್ಲ.

ಈ ಲೆಕ್ಕಕ್ಕೆ ಎರಡು ಮಿತಿ ಇವೆ. ಬಿಳಿ ವಸ್ತುವಿನ ಯಾವುದೇ ಸಂಖ್ಯೆ 255 ಮುಟ್ಟಿದ್ದರೆ ಫೋಟೋ ಉರಿದುಹೋಗಿದೆ ಅಂತ ಅರ್ಥ, ಬಿಟ್ಟುಬಿಡಿ. ಎರಡನೆಯದು, ಬಿಳಿ ವಸ್ತು ನೆರಳಿನಲ್ಲಿದ್ದು ಪಟ್ಟಿ ಬೆಳಕಿನಲ್ಲಿದ್ದರೆ ಸಂಖ್ಯೆ ತಪ್ಪುತ್ತದೆ. ಮತ್ತೆ, ಈ ಸಂಖ್ಯೆ ಅಂಗಡಿಗೆ ಕೊಟ್ಟು ಬಣ್ಣ ಮಾಡಿಸುವಷ್ಟು ನಿಖರ ಅಲ್ಲ. ಒಂದೇ ಬಣ್ಣವೋ ಅಲ್ಲವೋ, ಯಾವ ಕಡೆ ವಾಲಿದೆ, ಇಷ್ಟು ತಿಳಿಯಲು ಮಾತ್ರ.

ಹಂತ 5: ಗೋಡೆಗಲ್ಲ, ಹಲಗೆಗೆ ಬಳಿಯಿರಿ

ಹಳೇ ಗೋಡೆಯ ಮೇಲೆ ಪಟ್ಟಿ ಬಳಿಯುವುದು ಎಲ್ಲಾ ಮೇಸ್ತ್ರಿಗಳ ಅಭ್ಯಾಸ. ನಮ್ಮಲ್ಲಿ ಮೋಸವಾದದ್ದೂ ಅಲ್ಲೇ. ಸುತ್ತ ಆಕಾಶ ನೀಲಿ ಇದ್ದಾಗ ನಡುವಿನ ಕೆನೆ ಬಣ್ಣ ಇರುವುದಕ್ಕಿಂತ ಹಳದಿಯಾಗಿ ಕಾಣುತ್ತದೆ. ಒಂದು ಕೋಟ್ ಮಾತ್ರ ಹೊಡೆದಿದ್ದರೆ ಅಡಿಯ ನೀಲಿ ಇಣುಕುತ್ತಿರುತ್ತದೆ ಬೇರೆ.

ಎರಡು ಅಡಿಗೆ ಎರಡು ಅಡಿಯ ತೆಳು ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ತುಂಡು, ಒಂದೊಂದು ಬಣ್ಣಕ್ಕೆ ಎರಡೆರಡು ತರಿಸಿ. ಮೊದಲು ಬಿಳಿ ಪ್ರೈಮರ್, ಆಮೇಲೆ ಬಣ್ಣ ಎರಡು ಕೋಟ್, ಎರಡರ ನಡುವೆ ನಾಲ್ಕು ಗಂಟೆ ಬಿಡುವು. ಸುತ್ತ ಎರಡು ಇಂಚು ಬಿಳಿ ಅಂಚು ಹಾಗೇ ಬಿಡಿ, ಹಳೇ ಗೋಡೆಯ ಪ್ರಭಾವ ತಡೆಯಲು. ಇಷ್ಟಕ್ಕೆ ಒಂದು ಹಲಗೆಗೆ ನೂರು ಮಿಲಿ ಸಾಕು. ಅಂಗಡಿಯಲ್ಲಿ ಸಣ್ಣ ಸ್ಯಾಂಪಲ್ ಡಬ್ಬಿ ಸಿಗುತ್ತದಾ ಕೇಳಿ. ಸಿಗದಿದ್ದರೆ ಒಂದು ಲೀಟರ್ ಮಾಡಿಸಬೇಕಾಗುತ್ತದೆ, ಉಳಿದದ್ದು ಮಾಡಕ್ಕೋ ಸ್ಟೋರ್ ರೂಮಿಗೋ ಆಗುತ್ತದೆ. ಹಾಲಿಗೆ ಯಾವ ಫಿನಿಷ್ ಹೊಡೆಯುತ್ತೀರೋ ಸ್ಯಾಂಪಲ್ಲೂ ಅದೇ ಇರಲಿ. ಮ್ಯಾಟ್ ಒಂದು ಥರ, ಹೊಳಪಿನದ್ದು ಇನ್ನೊಂದು ಥರ ಕಾಣುತ್ತದೆ.

ಅವತ್ತೇ ನೋಡಿ ತೀರ್ಮಾನ ಮಾಡಬೇಡಿ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ. ಮಾರನೇ ದಿನ ನೋಡಿ.

ಹಲಗೆಯ ದೊಡ್ಡ ಅನುಕೂಲ ಅಂದರೆ ಅದನ್ನು ಎತ್ತಿಕೊಂಡು ಓಡಾಡಬಹುದು. ಕಿಟಕಿ ಪಕ್ಕದ ಗೋಡೆ, ಕಿಟಕಿ ಎದುರಿನ ಗೋಡೆ, ಸೋಫಾ ಹಿಂದೆ, ಹೀಗೆ. ಯಾವಾಗಲೂ ಗೋಡೆಗೆ ಒತ್ತಿ ನೆಟ್ಟಗೆ ನಿಲ್ಲಿಸಿ ನೋಡಿ. ಟೇಬಲ್ ಮೇಲೆ ಮಲಗಿಸಿದ ಹಲಗೆಗೆ ಮೇಲಿನಿಂದ ಜಾಸ್ತಿ ಬೆಳಕು ಬೀಳುತ್ತದೆ, ಬಣ್ಣ ತಿಳಿಯಾಗಿ ಕಾಣುತ್ತದೆ.

ಇನ್ನೊಂದು ಪರೀಕ್ಷೆ ಇದೆ, ಇದನ್ನು ಮಾತ್ರ ಬಿಡಬೇಡಿ. ಒಂದೇ ಬಣ್ಣದ ಎರಡು ಹಲಗೆಗಳನ್ನು ಹಾಲಿನ ಮೂಲೆಯಲ್ಲಿ, ಒಂದಕ್ಕೊಂದು ತಾಗುವಂತೆ ಎರಡು ಗೋಡೆಗೆ ನಿಲ್ಲಿಸಿ. ಮೂಲೆಯ ಹತ್ತಿರ ಬಣ್ಣ ಎಷ್ಟು ದಟ್ಟವಾಗುತ್ತದೆ ನೋಡಿ. ಒಂದು ಗೋಡೆಯಿಂದ ಚಿಮ್ಮಿದ ಬಣ್ಣದ ಬೆಳಕು ಇನ್ನೊಂದರ ಮೇಲೆ ಬೀಳುತ್ತದೆ, ಅಲ್ಲಿಂದ ಮತ್ತೆ ವಾಪಸ್. ನಾಲ್ಕೂ ಗೋಡೆಗೆ ಹೊಡೆದಾಗ ಇಡೀ ಹಾಲಿನಲ್ಲಿ ಇದೇ ನಡೆಯುವುದು. ಕಾರ್ಡಿನಲ್ಲಿ ತಿಳಿಯಾಗಿದ್ದ ಬಣ್ಣ ಗೋಡೆ ತುಂಬಾ ಹೊಡೆದಾಗ "ಇಷ್ಟು ಗಾಢ ಯಾಕಾಯ್ತು" ಅನ್ನಿಸುವುದು ಇದಕ್ಕೇ. ಎರಡು ಶೇಡಿನ ನಡುವೆ ಮನಸ್ಸು ಓಲಾಡುತ್ತಿದ್ದರೆ ಶೇಡ್ ಬುಕ್ಕಿನ ಅದೇ ಪಟ್ಟಿಯಲ್ಲಿ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ಹಿಡಿಯಿರಿ.

ಹಂತ 6: ಬೆಳಕನ್ನು ನೋಡಿ, ಆದರೆ ನಮ್ಮೂರಿನ ಬೆಳಕನ್ನು

ಇಂಟರ್ನೆಟ್ಟಿನಲ್ಲಿ ಹುಡುಕಿದರೆ "ಉತ್ತರದ ಕಿಟಕಿಗೆ ಎಂದೂ ಬಿಸಿಲು ಬೀಳುವುದಿಲ್ಲ, ಆದ್ದರಿಂದ ಬೆಚ್ಚನೆ ಬಣ್ಣ ಹೊಡೆಯಿರಿ" ಅಂತ ಸಿಗುತ್ತದೆ. ಅದು ಇಂಗ್ಲೆಂಡ್, ಅಮೆರಿಕದ ಮಾತು. ಕರ್ನಾಟಕದಲ್ಲಿ ಹಾಗಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಒಳಗೆ ಬರುತ್ತದೆ. ಡಿಸೆಂಬರ್‌ನಲ್ಲಿ ಅದೇ ಕಿಟಕಿಯಿಂದ ಬರುವುದು ಬರೀ ಆಕಾಶದ ನೀಲಿ ಬೆಳಕು, ಬಿಸಿಲೆಲ್ಲ ದಕ್ಷಿಣದ ಕಡೆಗೆ. ಹಾಗಾಗಿ ನೀವು ಜನವರಿಯಲ್ಲಿ ಆರಿಸಿದ ಬಣ್ಣ ಮೇ ತಿಂಗಳಲ್ಲಿ ಬೇರೆಯಾಗಿ ಕಂಡರೆ ಪೇಂಟ್ ಕಂಪನಿಯನ್ನು ಬೈಯಬೇಡಿ.

ಒಳಗೆ ಬಂದ ಬೆಳಕು ಯಾವುದಕ್ಕೆ ತಾಗಿ ಬರುತ್ತದೆ ಅನ್ನುವುದೂ ಮುಖ್ಯ. ನಮ್ಮ ಹಾಲಿನ ಕಿಟಕಿಯಾಚೆ ಹಲಸಿನ ಮರ ಇದೆ, ಅದರ ಹಸಿರು ಒಳಗೆ ಬರುತ್ತದೆ. ನೆಲ ರೆಡ್ ಆಕ್ಸೈಡ್. ಬೆಳಿಗ್ಗೆ ಬಾಗಿಲಿನಿಂದ ಬಿದ್ದ ಬಿಸಿಲು ನೆಲಕ್ಕೆ ತಾಗಿ ಗೋಡೆಯ ಕೆಳಗಿನ ಅರ್ಧಕ್ಕೆ ಕೆಂಪು ಚಿಮ್ಮಿಸುತ್ತದೆ. ಪಾಚಿ-ಬೂದು ಹಲಗೆಯನ್ನು ಅಲ್ಲಿಟ್ಟಾಗ ಅದರ ಹಸಿರು ಸತ್ತುಹೋಗಿ ಬರೀ ಮಣ್ಣು ಬೂದಿಯಾಯಿತು. ಕೆಂಪು ಬೆಳಕಿನಲ್ಲಿ ಹಸಿರಿಗೆ ಉಳಿಗಾಲವಿಲ್ಲ. ಕೆನೆ ಹಲಗೆ ಅದೇ ಜಾಗದಲ್ಲಿ ತುಸು ಪೀಚ್ ಕಡೆ ತಿರುಗಿತು, ಆದರೆ ಚೆನ್ನಾಗೇ ಇತ್ತು. ಬಿಳಿ ವಿಟ್ರಿಫೈಡ್ ಟೈಲ್ಸ್ ಇರುವ ಮನೆಯಲ್ಲಿ ಇದೇ ಪರೀಕ್ಷೆ ಉಲ್ಟಾ ಫಲಿತಾಂಶ ಕೊಡಬಹುದು. ಇದನ್ನು ಯಾವ ಫೋಟೋವೂ ಮುಂಚೆ ಹೇಳಲಾರದು.

ಆದರೆ ಹಗಲಿನದ್ದು ಅರ್ಧ ಕಥೆ. ಹಾಲಿನಲ್ಲಿ ಎಲ್ಲರೂ ಸೇರುವುದು ಸಂಜೆ ಆರರ ಮೇಲೆ. ಹಾಗಾಗಿ ಬಲ್ಬು ಮೊದಲು ನಿರ್ಧಾರವಾಗಲಿ, ಬಣ್ಣ ಆಮೇಲೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ, ನಾನೂ ಮಾಡಿದ್ದೆ. ಪುಣೆಯ ನನ್ನ ಫ್ಲಾಟಿಗೆ ತಿಳಿಬೂದು ಹೊಡೆಸಿದೆ, ಫೋಟೋದಲ್ಲಿ ಬಹಳ ಗಂಭೀರವಾಗಿತ್ತು. ರಾತ್ರಿ ಟ್ಯೂಬ್‌ಲೈಟ್ ಹಾಕಿದಾಗ ಗೋಡೆ ಆಸ್ಪತ್ರೆಯ ವಾರ್ಡಿನ ನೇರಳೆ ನೀಲಿ. ಎಲ್ಇಡಿ ಡಬ್ಬಿಯ ಮೇಲೆ 6500K ಅಂತ ಬರೆದಿದ್ದರೆ ಅದು ಕೂಲ್ ಡೇಲೈಟ್, ಬೂದು ಬಣ್ಣಗಳನ್ನು ನೀಲಿ ಕಡೆ ಎಳೆಯುತ್ತದೆ, ಕೆನೆ ಬಣ್ಣಗಳ ಬೆಚ್ಚಗನ್ನು ಕಸಿಯುತ್ತದೆ. 2700K ಅಥವಾ 3000K ಅಂದರೆ ವಾರ್ಮ್ ವೈಟ್, ಅದರಲ್ಲಿ ಬೂದು ಕಂದಾಗುತ್ತದೆ, ತಿಳಿಹಸಿರು ಹಳದಿಯಾಗುತ್ತದೆ, ತಿಳಿನೀಲಿ ಮಂಕಾಗುತ್ತದೆ. 4000K ಎರಡರ ನಡುವೆ. ಒಂದೇ ಸ್ವಿಚ್ಚನ್ನು ಆಫ್ ಆನ್ ಮಾಡಿದರೆ ಮೂರೂ ಬಣ್ಣದ ಬೆಳಕು ಕೊಡುವ ತ್ರೀ-ಇನ್-ಒನ್ ಬಲ್ಬು ಸಿಗುತ್ತದೆ. ಒಂದು ತಂದಿಟ್ಟುಕೊಳ್ಳಿ, ಹಲಗೆಗಳ ಮುಂದೆ ಕೂತು ಆಡಿ ನೋಡಿ. ಇಡೀ ಕೆಲಸದಲ್ಲಿ ಇದಕ್ಕಿಂತ ಲಾಭದ ಖರ್ಚು ಇಲ್ಲ.

ಡಬ್ಬಿಯ ಮೇಲೆ CRI ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಬಣ್ಣಗಳನ್ನು ಎಷ್ಟು ನೈಜವಾಗಿ ತೋರಿಸುತ್ತದೆ ಎಂಬುದರ ಅಳತೆ, ಪೂರ್ತಿ ಅಂಕ 100. ಸಾಮಾನ್ಯ ಬಲ್ಬುಗಳದ್ದು 80ರ ಆಸುಪಾಸು. 90 ದಾಟಿದ್ದು ಸಿಕ್ಕರೆ ಹಾಲಿಗೆ ಅದನ್ನೇ ಹಾಕಿ, ಗೋಡೆಗಷ್ಟೇ ಅಲ್ಲ, ಮುಖಗಳಿಗೂ ಒಳ್ಳೆಯದು.

ಹಗಲೆಲ್ಲ ಒಂದೇ ಥರ ಕಂಡ ಎರಡು ಹಲಗೆ ರಾತ್ರಿ ಬೇರೆಯಾಗಿ ಕಂಡರೆ ಗಾಬರಿ ಬೇಡ. ಬೇರೆ ಬೇರೆ ಬಣ್ಣದ ಪುಡಿಗಳನ್ನು ಬೆರೆಸಿ ಒಂದೇ ಬಣ್ಣ ಬರಿಸಿದಾಗ ಹೀಗಾಗುತ್ತದೆ. ಒಂದು ಕಂಪನಿಯ ಶೇಡನ್ನು ಇನ್ನೊಂದು ಕಂಪನಿಯ ಮೆಷಿನ್ನಿನಲ್ಲಿ "ಮ್ಯಾಚ್ ಮಾಡಿಕೊಡ್ತೀವಿ" ಅಂದಾಗ ಈ ಅಪಾಯ ಜಾಸ್ತಿ. ಆದ್ದರಿಂದ ಯಾವ ಕಂಪನಿಯ ಶೇಡ್ ಆರಿಸುತ್ತೀರೋ ಅದೇ ಕಂಪನಿಯ ಪೇಂಟ್ ಕೊಳ್ಳಿ.

ಹಂತ 7: ತೀರ್ಮಾನ ಮತ್ತು ಚೀಟಿ

ಅಮ್ಮ ನಾಲ್ಕು ಹೊತ್ತು ನೋಡಿದಳು. ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ಸಂಜೆ ಐದೂವರೆ, ರಾತ್ರಿ ಎಂಟು. ಪ್ರತಿ ಸಲವೂ ಮೂರೂ ಹಲಗೆ ಮತ್ತು ಟೇಪು ಸುತ್ತಿದ ರಟ್ಟು ಸೇರಿಸಿ ಒಂದೊಂದೇ ಫೋಟೋ. ನಾವು ಫೋಟೋದಲ್ಲಿ ಕೇಳಿದ್ದು "ಯಾವುದು ಚೆಂದ" ಅಂತಲ್ಲ. "ಯಾವುದು ಯಾವ ಹೊತ್ತಿನಲ್ಲಿ ಕೆಡುತ್ತದೆ" ಅಂತ. ಪಾಚಿ-ಬೂದು ಬೆಳಿಗ್ಗೆಯೇ ಬಿದ್ದುಹೋಯಿತು. ಮೂರನೆಯದಾದ ಗಂಧದ ಬಣ್ಣ ಹಗಲಿನಲ್ಲಿ ಚೆನ್ನಾಗಿತ್ತು, ಆದರೆ ರಾತ್ರಿ ಮೂಲೆಯಲ್ಲಿ ಇಟ್ಟಾಗ ಕಂದು ಗುಹೆ ಆಯಿತು. ಕೆನೆ ಯಾವ ಹೊತ್ತಿನಲ್ಲೂ ಮೊದಲನೇ ಸ್ಥಾನ ಪಡೆಯಲಿಲ್ಲ, ಆದರೆ ಯಾವ ಹೊತ್ತಿನಲ್ಲೂ ಕೆಡಲಿಲ್ಲ. ತಮ್ಮ ಇನ್ನೂ ಗೊಣಗುತ್ತಿದ್ದ. ಅಮ್ಮ ಅಂದಳು, "ಬಣ್ಣ ಹೊಡೆಯೋದು ನನ್ನ ಗೋಡೆಗೆ ಕಣೋ, ನಿನ್ನ ಫೋನಿಗಲ್ಲ." ಅಲ್ಲಿಗೆ ಚರ್ಚೆ ಮುಗಿಯಿತು.

ಕಂಪನಿಗಳು ಶೇಡಿನ ಜೊತೆ LRV ಅಂತ ಒಂದು ಸಂಖ್ಯೆ ಕೊಡುವುದುಂಟು. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ಗೋಡೆ ವಾಪಸ್ ಕಳಿಸುತ್ತದೆ ಎಂಬ ಲೆಕ್ಕ, ಕಪ್ಪು 0, ಬಿಳಿ 100. ಒಂದೇ ಕಿಟಕಿಯ ಹಾಲಿಗೆ 60ಕ್ಕಿಂತ ಕೆಳಗಿನದ್ದು ನಾನು ಆರಿಸುವುದಿಲ್ಲ. ಇದು ಸ್ಕ್ರೀನಿನ ಹಂಗಿಲ್ಲದ ಸಂಖ್ಯೆ, ಸಿಕ್ಕರೆ ಬಿಡಬೇಡಿ.

ಕೊನೆಗೆ ಅಂಗಡಿಗೆ ಫೋಟೋ ತೋರಿಸಬೇಡಿ, "ಇದೇ ಥರದ್ದು" ಅನ್ನಬೇಡಿ. ಚೀಟಿಯಲ್ಲಿ ಬರೆದುಕೊಡಿ: ಕಂಪನಿ, ಪೇಂಟಿನ ಹೆಸರು, ಫಿನಿಷ್, ಶೇಡ್ ನಂಬರ್, ಎಷ್ಟು ಲೀಟರ್. ಶೇಡಿನ ಹೆಸರಿಗಿಂತ ನಂಬರ್ ಮುಖ್ಯ, ಹೆಸರುಗಳು ಒಂದರಂತೆ ಇನ್ನೊಂದು ಇರುತ್ತವೆ. ಮೆಷಿನ್ನಿನಿಂದ ಬಂದ ಡಬ್ಬಿಯ ಸ್ಟಿಕ್ಕರ್ ಮೇಲಿನ ನಂಬರ್ ಹೊಂದಿಸಿ ನೋಡಿ. ಎರಡು ಡಬ್ಬಿ ಇದ್ದರೆ ಹೊಡೆಯುವ ಮುಂಚೆ ದೊಡ್ಡ ಬಕೆಟ್ಟಿನಲ್ಲಿ ಎರಡನ್ನೂ ಬೆರೆಸಲು ಮೇಸ್ತ್ರಿಗೆ ಹೇಳಿ, ಗೋಡೆಯ ನಡುವೆ ಬಣ್ಣ ತುಸು ಬದಲಾಗುವುದು ತಪ್ಪುತ್ತದೆ. ಆ ಸ್ಟಿಕ್ಕರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟಚ್‌ಅಪ್ ಬೇಕಾದಾಗ ಅದೊಂದೇ ಗತಿ.

ಹದಿನೈದು ದಿನದ ಮೇಲೆ ಅಮ್ಮ ಮುಗಿದ ಹಾಲಿನ ಫೋಟೋ ಕಳಿಸಿದಳು. ಅದರಲ್ಲಿ ಗೋಡೆ ಪೂರ್ತಿ ನೀಲಿ. ತಮ್ಮ ಗಾಬರಿಯಾಗಿ ಫೋನ್ ಮಾಡಿದ. ನಾನು ಮೂಲೆಯ ಸ್ವಿಚ್‌ಬೋರ್ಡ್ ನೋಡು ಅಂದೆ. ಅದೂ ನೀಲಿಯಾಗಿತ್ತು.